ಬುಟ್ಟಿಯ ನಡುವಿನ ಗೋಡೆ

ಗುರುವಾರ ಸಂಜೆ ಬಾಪೂಜಿ ನಗರದ ಸಿಗ್ನಲ್‌ನಲ್ಲಿ ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡುತ್ತೇನೆ, ನಮ್ಮಪ್ಪ, ದೊಡ್ಡಣ್ಣ, ಒಂದು ಕಬಾಬ್ ಗಾಡಿಯ ಮುಂದೆ ನಿಂತು ಬೆರಳು ನೆಕ್ಕುತ್ತಿದ್ದಾನೆ! ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಒಂಬತ್ತು ವಾರ ಆಗಿತ್ತು ಅಷ್ಟೆ. ಕರಿದದ್ದು ಮುಟ್ಟಲೇಬಾರದು ಎಂದು ಡಾಕ್ಟರು ಅವನ ಮುಂದೆಯೇ ಮೂರು ಸಲ ಹೇಳಿದ್ದರು. ಇಲ್ಲಿ ನೋಡಿದರೆ ಬಾಣಲೆಯಲ್ಲಿ ಡಾಂಬರಿನ ಬಣ್ಣದ ಎಣ್ಣೆ, ಅಪ್ಪನ ಕೈಯಲ್ಲಿ ಎರಡನೇ ಪ್ಲೇಟು. ನನಗೆ ಮೈಯೆಲ್ಲ ಉರಿದುಹೋಯಿತು. ಡ್ರೈವರ್ ಬೈದರೂ ಕೇಳದೆ ಅಲ್ಲೇ ಇಳಿದುಬಿಟ್ಟೆ.

"ಏನಪ್ಪಾ ಇದು?"

ಅಪ್ಪ ತಿರುಗಿ ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದರೂ ಮುಖದಲ್ಲಿ ನಾಚಿಕೆ ಅನ್ನುವುದು ಒಂದು ಚೂರೂ ಇರಲಿಲ್ಲ. "ಓ, ಕವನಾ. ನಿಮ್ಮಮ್ಮನಿಗೆ ಹೇಳ್ಬೇಡ ಕಣೇ."

"ದಿನಾ ಬರ್ತೀಯಾ?"

"ದಿನಾ ಯಾರ್ ಬರ್ತಾರೆ? ವಾರಕ್ಕೆ ಮೂರ್ ಸಲ, ನಾಕ್ ಸಲ."

ಅಲ್ಲೇ ಜಗಳ ಆಯಿತು. ಗಾಡಿಯ ಬೈರಯ್ಯ ಸೌಟು ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದ. ಅಪ್ಪನ ವಾದ ಒಂದೇ. ಮನೆಯಲ್ಲಿ ಎಣ್ಣೆಯ ಬದಲು ಬಿಸಿಗಾಳಿಯಲ್ಲೇ ಬೇಯಿಸುವ ಆ ಏರ್‌ಫ್ರೈಯರ್‌ನಲ್ಲಿ ಮಾಡಿಕೊಡುವ ಕೋಳಿ ಒದ್ದೆ ಬಟ್ಟೆ ಅಗಿದ ಹಾಗಿರುತ್ತದೆ. "ನಾನೇನ್ ಬಿರಿಯಾನಿ ಕೇಳಿದ್ನಾ? ಹಲ್ಲಿಗೆ ಸಿಕ್ಕಿದ್ರೆ ಕರುಂ ಅನ್ಬೇಕು. ಅಷ್ಟೂ ಇಲ್ಲ ಅಂದ್ರೆ ಬದುಕಿ ಏನ್ ಮಾಡ್ಲಿ?"

"ಕರುಂ ಅನ್ನೋ ಹಂಗೆ ಮಾಡ್ಕೊಟ್ರೆ ಈ ಗಾಡಿ ಬಿಡ್ತೀಯಾ?"

"ಬಿಡ್ತೀನಿ."

"ಆಣೆ?"

"ಆಣೆ ಪಾಣೆ ಎಲ್ಲ ಬೇಡ. ದೊಡ್ಡಣ್ಣ ಹೇಳಿದ್ಮೇಲೆ ಮುಗೀತು. ಭಾನುವಾರ ಮಾಡ್ಸು. ಚೆನ್ನಾಗಾದ್ರೆ ಗಾಡಿ ಕಡೆ ತಿರುಗೂ ನೋಡಲ್ಲ. ಆಗ್ಲಿಲ್ವಾ, ಆ ಡಬ್ಬಿ ಅಟ್ಟಕ್ಕೆ ಹೋಗುತ್ತೆ, ನೀನು ಬಾಯಿ ಮುಚ್ಕೊಂಡಿರ್ಬೇಕು."

ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡಲಿ? ಅರವತ್ತೇಳು ವರ್ಷದ ಗಂಡಸನ್ನು ಕಟ್ಟಿಹಾಕಲು ಆಗುತ್ತದೆಯೇ? ಎರಡನೇ ಸಲ ಎದೆ ಹಿಡಿದುಕೊಂಡರೆ ಆಸ್ಪತ್ರೆವರೆಗೂ ಹೋಗುವುದೇ ಅನುಮಾನ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅಪ್ಪನ ಮನೆ ನಾಯಂಡಹಳ್ಳಿಯಲ್ಲಿ. ಹೊಲ ಇದ್ದ ಜಾಗದಲ್ಲಿ ಈಗ ಮೂರು ಗೋಡೌನು, ಅವುಗಳ ಹಿಂದೆ ನಮ್ಮ ಮನೆ. ಅಲ್ಲಿರುವುದು ಅಪ್ಪ, ನಮ್ಮಮ್ಮ ಮುನಿತಾಯಮ್ಮ, ನನ್ನ ತಮ್ಮ ಯಶ್ವಂತ್. ಏರ್‌ಫ್ರೈಯರ್ ತಂದದ್ದು ಯಶ್ವಂತನೇ. ಅಪ್ಪ ಆಸ್ಪತ್ರೆಯಿಂದ ಬಂದ ವಾರವೇ ನಾಲ್ಕು ಲೀಟರಿನದು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, "ಅಮ್ಮಾ, ಒಳಗೆ ಹಾಕು, ಬಟನ್ ಒತ್ತು, ಅಷ್ಟೇ" ಅಂದನಂತೆ. ದೊಡ್ಡ ಮಹಾನುಭಾವ! ಬಟನ್ ಒತ್ತಿದರೆ ಅಡುಗೆ ಆಗುವ ಹಾಗಿದ್ದರೆ ಇವನಿಗೇಕೆ ಅಮ್ಮ ಬೇಕಿತ್ತು?

ವಿಜಯನಗರದ ನನ್ನ ಮನೆಯಲ್ಲೂ ಅದೇ ಮೆಷಿನ್ ಇದೆ. ಆರು ತಿಂಗಳು ಹಾಳು ಮಾಡಿ, ಗಂಡನ ಕೈಲಿ ಮಾತು ಕೇಳಿ ಕಲಿತಿದ್ದೇನೆ. ಅದಕ್ಕೇ ಶನಿವಾರ ಅಮ್ಮನಿಗೆ ಫೋನ್ ಮಾಡಿ ಪಾಠ ಒಪ್ಪಿಸುವ ಹಾಗೆ ಹೇಳಿದೆ. ರೆಕ್ಕೆ ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರು ಪೂರ್ತಿ ತೆಗೆಯಬೇಕು. ಖಾಲಿ ಮೆಷಿನನ್ನೇ ಇನ್ನೂರು ಡಿಗ್ರಿಗೆ ಐದು ನಿಮಿಷ ಕಾಯಿಸಬೇಕು, ದೋಸೆ ಹೆಂಚು ಕಾದ ಮೇಲೆ ತಾನೇ ಹಿಟ್ಟು ಹುಯ್ಯುವುದು. ಒಂದರ ಮೇಲೆ ಒಂದು ಇಡಬಾರದು, ಅರ್ಧ ಕೆ.ಜಿ.ಗಿಂತ ಜಾಸ್ತಿ ಬೇಡ. ಹತ್ತು ನಿಮಿಷಕ್ಕೊಮ್ಮೆ ಬುಟ್ಟಿ ಎಳೆದು ಚೆನ್ನಾಗಿ ಕುಲುಕಬೇಕು.

"ಸರಿ ಕಣೇ" ಅಂದಳು ಅಮ್ಮ.

"ಏನ್ ಸರಿ? ಒಂದ್ಸಲ ಹೇಳು."

"ಅಯ್ಯೋ, ನಲವತ್ತು ವರ್ಷದಿಂದ ಸೌದೆಲೂ ಅಡುಗೆ ಮಾಡಿದೀನಿ, ಗ್ಯಾಸಲ್ಲೂ ಮಾಡಿದೀನಿ. ಇದೊಂದು ಬರಲ್ವಾ ನಂಗೆ? ಇಡು ಫೋನು."

ನಾನೇ ಹೋಗಿ ಮಾಡಬಹುದಿತ್ತು. ಭಾನುವಾರ ಬೆಳಗ್ಗೆ ಮಗಳಿಗೆ ಡ್ರಾಯಿಂಗ್ ಪರೀಕ್ಷೆ ಇತ್ತು. ಅದು ಮುಗಿಸಿ, ಮೆಟ್ರೋ ಹತ್ತಿ, ಅವಳನ್ನೂ ಎಳೆದುಕೊಂಡು ನಾಯಂಡಹಳ್ಳಿ ಸೇರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಗೇಟು ತೆಗೆಯುವಾಗಲೇ ಮೂಗಿಗೆ ಗೊತ್ತಾಯಿತು, ಕೆಟ್ಟಿದೆ ಎಂದು. ಸುಟ್ಟ ವಾಸನೆ ಅಲ್ಲ. ಕೋಳಿ ಬೆಂದ ವಾಸನೆ, ಸಾರಿಗೆ ಬೇಯಿಸುವಾಗ ಬರುತ್ತದಲ್ಲ, ಆ ವಾಸನೆ. ಚರ್ಮ ಕೆಂಪಾಗುವಾಗ ಬರುವ ಘಮಲು ಎಲ್ಲೂ ಇರಲಿಲ್ಲ.

ಮಗಳು ಯಶ್ವಂತನ ಕೋಣೆಗೆ ಓಡಿದಳು. ನಾನು ಸೀದಾ ಅಡುಗೆಮನೆಗೆ ನುಗ್ಗಿ ಬುಟ್ಟಿ ಎಳೆದೆ. ಎಳೆದವಳು ಹಾಗೇ ನಿಂತುಬಿಟ್ಟೆ.

ಬುಟ್ಟಿಯ ನಡುವೆ ಗೋಡೆ! ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ತಳದಿಂದ ಬಾಯಿಯವರೆಗೂ ಎಬ್ಬಿಸಿ ನಿಲ್ಲಿಸಿದ ಗೋಡೆ. ಈ ಕಡೆ ಒಂದು ಕೆ.ಜಿ. ಕೋಳಿ ರೆಕ್ಕೆ, ಒಂದರ ಮೇಲೊಂದು ಮೂರು ಪದರ. ಆ ಕಡೆ ಆಲೂಗಡ್ಡೆ ಸೀಳು, ಕಂಠಮಟ್ಟ. ನಡುವೆ ಗಾಳಿ ಆಡಲು ಒಂದು ಬೆರಳಷ್ಟು ಜಾಗ ಇಲ್ಲ. ಮೇಲಿನ ನಾಲ್ಕು ರೆಕ್ಕೆ ಮಾತ್ರ ಒಂದಿಷ್ಟು ಕಂದು. ಒಂದನ್ನು ಎತ್ತಿದರೆ ಕೆಳಗಿನವು ಬಿಳಿಚಿಕೊಂಡು, ಚರ್ಮ ಜೋಲುಬಿದ್ದು, ತಳದಲ್ಲಿ ರಸ ಕಟ್ಟಿತ್ತು. ಆಲೂಗಡ್ಡೆಯ ತುದಿ ಒಣಗಿತ್ತು, ಮಧ್ಯ ಮೆತ್ತಗೆ ಅಂಟಂಟು.

"ಅಮ್ಮಾ! ಏನಿದು?"

"ಆಯ್ತು ಬಾ. ನಲವತ್ತು ನಿಮಿಷ ಇಟ್ಟಿದೀನಿ, ಬೆಂದಿದೆ."

"ಬೇಯೋದು ಬೇಯುತ್ತೆ! ಬೇಯ್ಸೋಕೆ ಕುಕ್ಕರ್ ಸಾಕಾಗಿತ್ತಲ್ಲ! ಮೊದ್ಲು ಕಾಯ್ಸಿದ್ಯಾ?"

"ಖಾಲಿ ಡಬ್ಬಿ ಯಾಕೆ ಕಾಯ್ಸೋದು? ಕರೆಂಟು ದಂಡ."

"ಕುಲುಕಿದ್ಯಾ?"

"ಮಧ್ಯದಲ್ಲಿ ತೆಗೆದ್ರೆ ಹಬೆ ಹೋಗುತ್ತಲ್ಲೇ."

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಹಬೆ ಹೋಗ್ಲಿ ಅಂತಾನೇ ತೆಗಿಯೋದು ಅಮ್ಮಾ! ಇದೇನ್ ಇಡ್ಲಿ ಪಾತ್ರೆನಾ? ಬಿಸಿಗಾಳಿ ಸುತ್ತ ಸುತ್ತಬೇಕು, ಮೇಲಿನ ನೀರೆಲ್ಲ ಹಾರಿಸ್ಕೊಂಡು ಹೋಗ್ಬೇಕು. ಆಗ್ಲೇ ಗರಿಗರಿ ಆಗೋದು. ನೀನು ಬಸ್ಸಲ್ಲಿ ಜನ ತುಂಬಿದಂಗೆ ತುಂಬಿದೀಯ. ಕೋಳಿ ಬಿಟ್ಟ ನೀರು ಹೋಗೋದೆಲ್ಲಿಗೆ? ಅದರ ಹಬೆಲೇ ಅದು ಬೆಂದಿದೆ, ಅದರ ಹಬೆಲೇ ಆಲೂಗಡ್ಡೆನೂ ನೆಂದಿದೆ. ಮೇಲೆ ಈ ಗೋಡೆ ಬೇರೆ!"

ಅಷ್ಟರಲ್ಲಿ ಅಪ್ಪ ನಡುಮನೆಯಲ್ಲಿ ಕೂತಿದ್ದವನು, "ತಗೊಂಡ್ ಬನ್ನಿ, ನೋಡೇಬಿಡೋಣ" ಅಂದ. ದನಿಯಲ್ಲಿ ಗೆದ್ದವನ ಉತ್ಸಾಹ. ಅಮ್ಮ ಎರಡು ತಟ್ಟೆ ಹಾಕಿದಳು, ಅವನದರಲ್ಲಿ ರೆಕ್ಕೆ, ತನ್ನದರಲ್ಲಿ ಆಲೂಗಡ್ಡೆ. ನಮ್ಮ ಮನೆಯಲ್ಲಿ ಅದೊಂದು ಪದ್ಧತಿ. ಅಜ್ಜಿ ತೀರಿಹೋದಾಗಿನಿಂದ ಇವರಿಬ್ಬರೂ ಜೊತೆಯಲ್ಲೇ ಉಣ್ಣಬೇಕು. ಅಮ್ಮನ ತಟ್ಟೆ ಬಂದು ಪಕ್ಕದಲ್ಲಿ ಕೂರುವವರೆಗೂ ಅಪ್ಪ ತುತ್ತು ಎತ್ತುವುದಿಲ್ಲ. ಅವನಿಗಿಂತ ಮೊದಲು ಅಮ್ಮ ಒಂದು ಅಗುಳೂ ಬಾಯಿಗೆ ಹಾಕುವುದಿಲ್ಲ.

ಅಪ್ಪ ಒಂದು ರೆಕ್ಕೆ ಎತ್ತಿದ. ಚರ್ಮ ಜಾರಿ ತಟ್ಟೆಗೆ ಬಿತ್ತು. ಒಂದು ಕಡೆ ಕಚ್ಚಿ, ನಿಧಾನಕ್ಕೆ ಅಗಿದು, ತಟ್ಟೆ ತಳ್ಳಿದ.

"ಆಯ್ತಲ್ಲ? ಅಟ್ಟಕ್ಕೆ ಹಾಕಿ ಅದನ್ನ" ಎಂದು ಎದ್ದು, ಮೊಳೆಗೆ ನೇತುಹಾಕಿದ್ದ ಶರ್ಟು ತೆಗೆದುಕೊಂಡ.

ಎಲ್ಲಿಗೆ ಹೊರಟ ಎಂದು ನನಗೆ ಗೊತ್ತು. ಆದರೆ ಬಾಯಿ ತಿರುಗಿದ್ದು ಅವನ ಮೇಲಲ್ಲ, ಅಮ್ಮನ ಮೇಲೆ. ಯಾವಾಗಲೂ ಹಾಗೇ ತಾನೇ, ಬೈಸಿಕೊಳ್ಳುವವರು ಹತ್ತಿರದಲ್ಲಿ ಇರುತ್ತಾರಲ್ಲ. "ನಿಂಗೆ ಎಷ್ಟ್ ಹೇಳಿದ್ದೆ! ಒಂದೇ ಒಂದ್ ಮಾತು ಕೇಳಲ್ವಲ್ಲ! ಆ ಹಾಳು ಆಲೂಗಡ್ಡೆ ಆಮೇಲೆ ಮಾಡ್ಕೊಂಡಿದ್ರೆ ಗಂಟು ಹೋಗ್ತಿತ್ತಾ? ಆ ಗೋಡೆ ಇಲ್ದಿದ್ರೆ ಕುಲುಕೋಕಾದ್ರೂ ಆಗ್ತಿತ್ತು!"

"ಕುಲುಕಿದ್ರೆ ಎರಡೂ ಬೆರೆತೋಗುತ್ತಲ್ಲೇ" ಅಂದಳು ಅಮ್ಮ.

"ಬೆರೆತ್ರೆ ಏನಾಯ್ತು? ನೀನೇನ್ ಹುಟ್ಟಾ ಮಾಂಸ ಮುಟ್ಟದವಳಾ? ತಲೆಮಾಂಸ ಅಂದ್ರೆ ಅಪ್ಪನಿಗಿಂತ ಮುಂಚೆ ನೀನೇ ಕೂರ್ತಿದ್ದೆ. ಈಗ ಎರಡ್ ತಿಂಗಳಿಂದ ಗ್ಯಾಸ್ಟ್ರಿಕ್ಕು ಅಂತ ಬಿಟ್ಟಿದೀಯ, ಒಂದ್ ಚೂರು ಮಸಾಲೆ ತಾಗಿದ್ರೆ ಸತ್ತೋಗ್ತೀಯಾ?"

"ನಾನಲ್ಲ" ಅಂದಳು ಅಮ್ಮ.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಪ್ಪನ ಕಡೆ ನೋಡದೆ ಹೇಳಿದಳು. "ಗ್ಯಾಸ್ಟ್ರಿಕ್ಕೂ ಇಲ್ಲ, ಏನೂ ಇಲ್ಲ. ಅವತ್ತು ಆಸ್ಪತ್ರೇಲಿ ಇವ್ರನ್ನ ಒಳಗೆ ತಗೊಂಡೋಗಿ ಬಾಗ್ಲು ಹಾಕ್ಕೊಂಡ್ರಲ್ಲ, ಆಗ ಮಂಜುನಾಥಸ್ವಾಮಿಗೆ ಹರಕೆ ಕಟ್ಕೊಂಡೆ. ಇವ್ರನ್ನ ಎಬ್ಬಿಸ್ಕೊಡು, ಇನ್ಮೇಲೆ ಮಾಂಸ ಮುಟ್ಟಲ್ಲ ಅಂತ. ಒಂದು ಚೂರು ನನ್ನ ಬಾಯಿಗೆ ಹೋಗಿ ಹರಕೆ ಕೆಟ್ರೆ ಏನಾಗುತ್ತೆ ಅಂತ ಯಾರಿಗ್ ಗೊತ್ತು? ಜೊತೇಲಿ ಬಿಸಿಬಿಸಿ ತಿನ್ನೋಣ ಅಂತ ಒಟ್ಟಿಗೆ ಇಟ್ಟೆ. ಬೆರೀಬಾರ್ದು ಅಂತ ಗೋಡೆ ಕಟ್ಟಿದೆ. ಅಷ್ಟೇ ಕಣೇ."

ಅಪ್ಪ ಶರ್ಟಿನ ಒಂದು ತೋಳು ಹಾಕಿಕೊಂಡು ನಿಂತಿದ್ದ. ಇನ್ನೊಂದು ತೋಳು ಹಿಂದೆ ಜೋತಾಡುತ್ತಿತ್ತು.

ಸುಮ್ಮನಿರಬೇಕಿತ್ತು ನಾನು. ಅವನಿಗೆ ಮಾತು ಕೊಟ್ಟಿದ್ದೆ. ಆದರೆ ಅಮ್ಮನ ಮೇಲೆ ಎಗರಾಡಿದ ನಾಚಿಕೆಯೂ ಸೇರಿಕೊಂಡು ಸಿಟ್ಟು ಇಮ್ಮಡಿ ಆಗಿಬಿಟ್ಟಿತು. "ಕೇಳಿಸ್ಕೊಂಡ್ಯಾ ಅಪ್ಪಾ? ಇವಳು ಇಲ್ಲಿ ಬಾಯಿ ಕಟ್ಕೊಂಡು ಸೊಪ್ಪು ತಿಂತಾ ಕೂತಿದಾಳೆ, ನಿನ್ ಎದೆ ನಡೀಲಿ ಅಂತ. ನೀನು ವಾರಕ್ಕೆ ನಾಕ್ ಸಲ ಬಾಪೂಜಿ ನಗರದಲ್ಲಿ ನಿಂತು ಕಬಾಬ್ ಬಾರಿಸ್ತಾ ಇದೀಯ! ಈಗ್ಲೂ ಅಲ್ಲಿಗೇ ತಾನೇ ಹೊರಟಿರೋದು?"

"ಕವನಾ!" ಎಂದು ಅಪ್ಪ ಗದರಿದ.

"ಗದರಿಸ್ಬೇಡ! ಕಣ್ಣಾರೆ ನೋಡಿದೀನಿ!"

ಅಮ್ಮ ಅಪ್ಪನ ಮುಖವನ್ನೇ ನೋಡಿದಳು. ಅವನು ಅಲ್ಲ ಎನ್ನಲಿಲ್ಲ. ಆಗ ಅಮ್ಮ ಮಾಡಿದ್ದನ್ನು ನನ್ನ ಜನ್ಮದಲ್ಲಿ ಅವಳಿಂದ ಕಂಡಿರಲಿಲ್ಲ. ಬಗ್ಗಿ, ಅವನು ತಳ್ಳಿದ್ದ ತಟ್ಟೆಯಿಂದ ಒಂದು ರೆಕ್ಕೆ ಎತ್ತಿಕೊಂಡು ಬಾಯಿಯ ಹತ್ತಿರ ಹಿಡಿದಳು. ಕಣ್ಣು ಕೆಂಡ.

"ಹೋಗ್ರೀ" ಅಂದಳು. "ಹೋಗಿ. ನೀವು ಆ ಗೇಟು ದಾಟಿ, ನಾನು ಇದನ್ನ ತಿಂತೀನಿ. ನಾನೊಬ್ಬಳೇ ಯಾಕ್ ಹಿಡ್ಕೊಂಡು ಕೂತಿರ್ಬೇಕು? ಒಂಬತ್ತು ವಾರದಿಂದ ನಾನು ಯಾರಿಗೋಸ್ಕರ ದೇವರ ಮುಂದೆ ಕೈ ಮುಗೀತಾ ಇದೀನಿ? ಆ ಗಾಡಿಯವನ ಎಣ್ಣೆಗಾ?"

"ಮುನಿತಾಯಿ, ಕೆಳಗಿಡು ಅದನ್ನ."

"ಇಡಲ್ಲ! ನಿಮ್ಗೆ ನಾಲಿಗೆ ದೊಡ್ಡದು, ನನ್ ತಾಳಿ ದೊಡ್ಡದಲ್ಲ. ಹೋಗಿ ಅಂದ್ನಲ್ಲ!"

"ಕೆಳಗಿಡೇ, ಬೇಡ ಕಣೇ!" ಅಪ್ಪನ ದನಿ ಒಡೆದುಹೋಯಿತು. ಎರಡು ಹೆಜ್ಜೆಗೆ ಬಂದು ಅವಳ ಮಣಿಕಟ್ಟು ಹಿಡಿದು, ಕೈಯಿಂದ ಆ ರೆಕ್ಕೆ ಕಿತ್ತು ತಟ್ಟೆಗೆ ಹಾಕಿದ. ಅಮ್ಮ ಕೂತುಬಿಟ್ಟಳು. ಅವನು ಶರ್ಟು ತೆಗೆದು ಮೊಳೆಗೆ ಹಾಕಿ, ನನ್ನ ಕಡೆ ತಿರುಗಿ ಒರಟಾಗಿ ಕೇಳಿದ. "ಸರಿ ಮಾಡೋಕಾಗುತ್ತಾ ಅದನ್ನ?"

"ಆಗುತ್ತೆ. ನನ್ ಮಾತು ಕೇಳಿದ್ರೆ."

"ಕೇಳ್ತೀನಿ. ಬೊಗಳು."

ಮೊದಲು ಆ ಗೋಡೆ ಕಿತ್ತು ಬಿಸಾಡಿದೆ. ಬುಟ್ಟಿಯನ್ನು, ಕೆಳಗಿನ ತಟ್ಟೆಯನ್ನು ಬಿಸಿನೀರಲ್ಲಿ ಸೋಪು ಹಾಕಿ ಎರಡು ಸಲ ಉಜ್ಜಿದೆ. ಅಮ್ಮ ಎದ್ದು ಬಂದು, ನನ್ನ ಕೈಯಿಂದ ಕಸಿದು, ಮೂರನೇ ಸಲ ತಾನೇ ಉಜ್ಜಿದಳು. ಮೊದಲು ಆಲೂಗಡ್ಡೆ, ಆಮೇಲೆ ಕೋಳಿ. ಅದೊಂದೇ ದಾರಿ. ಮೊದಲು ಕೋಳಿ ಹಾಕಿದರೆ ಮತ್ತೆ ತೊಳೆಯಬೇಕು, ಮೆಷಿನ್ ಆರಿಹೋಗುತ್ತದೆ. ಅಪ್ಪನ ಕೈಗೆ ಚಾಕು ಕೊಟ್ಟೆ. ಅವನು ನಾಲ್ಕು ಆಲೂಗಡ್ಡೆ ಸೀಳಿದ. ನೀರಲ್ಲಿ ಅರ್ಧ ಗಂಟೆ ನೆನೆಹಾಕಿದೆವು, ಮೇಲಿನ ಗಂಜಿ ಬಿಡಲಿ ಎಂದು. ಯಶ್ವಂತ ಒಂದು ಸಲ ಇಣುಕಿ, "ಏನಾಯ್ತು?" ಅಂದ. "ನಿನ್ ಬಟನ್ ಒತ್ತಿದ್ವಿ, ಹೋಗ್ ಒಳಗೆ" ಅಂದೆ. ಹೋದ.

ಆಲೂಗಡ್ಡೆ ಬಸಿದು, ಬಟ್ಟೆಯಲ್ಲಿ ಒಣಗಿಸಿ, ಒಂದು ಚಮಚ ಎಣ್ಣೆ, ಉಪ್ಪು, ಖಾರದಪುಡಿ ಸವರಿದೆ. ಖಾಲಿ ಮೆಷಿನ್ ಇನ್ನೂರರಲ್ಲಿ ಐದು ನಿಮಿಷ ಗುಂಯ್ ಎಂದಿತು. ಕಾದ ಬುಟ್ಟಿಗೆ ಸೀಳುಗಳನ್ನು ಒಂದೇ ಪದರ ಹರಡಿದಾಗ ಚುಯ್ ಎಂದು ಸದ್ದು ಬಂತು.

"ಕೇಳಿಸ್ತಾ ಅಮ್ಮಾ? ಇದಕ್ಕೇ ಕಾಯ್ಸೋದು. ತಣ್ಣಗಿರೋ ಬುಟ್ಟಿಗೆ ಹಾಕಿದ್ರೆ ಮೊದಲ ಐದು ನಿಮಿಷ ಸುಮ್ನೆ ಬೆವರ್ತಾ ಕೂತಿರುತ್ತೆ."

ಏಳು ನಿಮಿಷಕ್ಕೆ ಬುಟ್ಟಿ ಎಳೆದೆ. ಮೆಷಿನ್ ನಿಂತಿತು. ಅಮ್ಮ "ಅಯ್ಯೋ, ಕೆಟ್ಟೋಯ್ತು" ಅಂದಳು. "ತಳ್ಳಿದ್ರೆ ತಾನೇ ಶುರುವಾಗುತ್ತೆ" ಎಂದು ಬುಟ್ಟಿಯನ್ನು ಅಪ್ಪನ ಕೈಗೆ ಕೊಟ್ಟೆ. "ಕುಲುಕು. ಮೊರದಲ್ಲಿ ಅಕ್ಕಿ ಕೇರಿದಂಗೆ, ಮೇಲಿಂದ ಕೆಳಕ್ಕೆ ಬರ್ಬೇಕು." ಮುಖದ ಮೇಲೆ ಒಂದು ಮೋಡ ಹಬೆ ಎದ್ದು ಹೋಯಿತು. ಅಪ್ಪ ಕುಲುಕಿದ. ಹದಿನಾಲ್ಕಕ್ಕೆ ಇನ್ನೊಂದು ಸಲ, ಆಗ ಹಬೆ ಅಷ್ಟಿರಲಿಲ್ಲ, ಸದ್ದು ಬೇರೆ ಆಗಿತ್ತು, ಒಣಗಿದ ಸದ್ದು. ಇಪ್ಪತ್ತಕ್ಕೆ ತೆಗೆದೆ. ನಾಲ್ಕೂ ಅಂಚು ಹೊಂಬಣ್ಣ.

ಅದೇ ಬುಟ್ಟಿಗೆ, ತೊಳೆಯದೆ, ಹತ್ತು ರೆಕ್ಕೆ ಒಂದಕ್ಕೊಂದು ತಾಗದ ಹಾಗೆ ಇಟ್ಟೆ. ಅಷ್ಟನ್ನೂ ಮೊದಲೇ ಬಟ್ಟೆಯಲ್ಲಿ ಒತ್ತಿ ಒಣಗಿಸಿದ್ದೆ. ಹೇಗೂ ಬೆಂದಿವೆ, ಹತ್ತು ನಿಮಿಷ ಸಾಕು, ಮೆಷಿನ್ ಕಾದೇ ಇದೆ, ಮತ್ತೆ ಕಾಯಿಸುವ ಕೆಲಸವಿಲ್ಲ. ಉಳಿದವು ಮುಂದಿನ ಸರದಿಗೆ.

ಆದರೆ ಅಮ್ಮನ ತಟ್ಟೆ ಬಿಸಿಯಾಗಿ ಸಿದ್ಧವಿತ್ತು, ಅಪ್ಪನದು ಇನ್ನೂ ಖಾಲಿ. ಅಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಲು ಹೋದಳು. "ನಿಮ್ದೂ ಆಗ್ಲಿ. ಜೊತೇಲಿ ಕೂರ್ತೀನಿ."

"ಮುಚ್ಚಿದ್ರೆ ಮೆತ್ತಗಾಗುತ್ತೆ ಅಮ್ಮಾ! ಹಬೆ ಒಳಗೇ ಉಳಿಯುತ್ತೆ. ಈಗ್ಲೇ ತಿನ್ಬೇಕು."

"ಆರಿದ್ರೆ ಆರ್ಲಿ ಬಿಡು. ನಂಗೇನು."

ಅಪ್ಪ ಆ ಮುಚ್ಚಳದ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡ. "ಒಂಬತ್ತು ವಾರ ನಂಗೆ ಕಾದು ಆರಿದ್ದು ತಿಂದಿದೀಯ. ಸಾಕು. ಕೂತ್ಕೋ. ತಿನ್ನು."

"ನಿಮಗಿಂತ ಮುಂಚೆನಾ?"

"ತಿನ್ನು ಅಂದೆ."

ಅಮ್ಮ ಕೂತಳು. ಒಂದು ಸೀಳು ಎತ್ತಿ, ಅತ್ತ ಇತ್ತ ನೋಡಿ, ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕಚ್ಚಿದಳು. ಕರುಂ ಎಂದಿತು. ಅಪ್ಪ ಎದುರಿಗೆ ನೆಲದ ಮೇಲೆ ಕೂತು, ಖಾಲಿ ಕೈಯಲ್ಲಿ, ಅವಳು ತಿನ್ನುವುದನ್ನೇ ನೋಡುತ್ತಿದ್ದ. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಅಲ್ಲಿ ನಿಲ್ಲಲಾಗದೆ ಬುಟ್ಟಿ ಕುಲುಕುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಹತ್ತು ನಿಮಿಷಕ್ಕೆ ರೆಕ್ಕೆ ತಂದು ಅವನ ಮುಂದೆ ಇಟ್ಟೆ. ಚರ್ಮ ಎಳೆದುಕೊಂಡು, ಅಲ್ಲಲ್ಲಿ ಗುಳ್ಳೆ ಎದ್ದು, ಒಳ್ಳೇ ಕಂದು ಬಣ್ಣ ಬಂದಿತ್ತು. ಅಪ್ಪ ಒಂದನ್ನು ಕಚ್ಚಿದ. ಸದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

"ಹೆಂಗಿದೆ?" ಅಂದೆ. "ಬಿಡ್ತೀಯೋ ಇಲ್ವೋ ಗಾಡಿನ? ಈಗ್ಲೇ ಹೇಳು."

ಅವನು ಅಗಿಯುತ್ತಾ ಅಮ್ಮನ ಕಡೆ ತಿರುಗಿ ಕೇಳಿದ.

"ಎಷ್ಟು ದಿನಕ್ಕೆ ಅಂತ ಹರಕೆ ಹೊತ್ತಿದೀಯ?"

ಅಮ್ಮ ತಟ್ಟೆ ನೋಡಿಕೊಂಡೇ ಹೇಳಿದಳು. "ನೀವಿರೋವರ್ಗೂ."

ಅಪ್ಪ ಮೂಳೆಯನ್ನು ತಟ್ಟೆಯ ಅಂಚಿಗೆ ಇಟ್ಟ. ತೋಳಿನಿಂದ ಕಣ್ಣು ಒರೆಸಿಕೊಂಡ.

"ಹಂಗಾದ್ರೆ ನೀನು ಕೋಳಿ ತಿನ್ನೋದು ಭಾಳ ತಡ ಆಗುತ್ತೆ, ಮುನಿತಾಯಿ" ಅಂದ.